ಯೂಟ್ಯೂಬ್ ಓಡುತ್ತೆ, ಗೇಮ್ ಓಡಲ್ಲ

ರಾತ್ರಿ ಹತ್ತಕ್ಕೆ ಅಕ್ಕನ ಮಗನ ಫೋನು. "ಮಾಮಾ, ಹಾಸ್ಟೆಲ್ ವೈಫೈ ಕೆಟ್ಟುಹೋಗಿದೆ." ಆ ವಾಟ್ಸ್ಯಾಪ್ ಕರೆ ಬಂದದ್ದೇ ಅದೇ ವೈಫೈ ಮೇಲೆ!

ಗೆಳೆಯರೆಲ್ಲ ಸೇರಿ ಮೈನ್‌ಕ್ರಾಫ್ಟ್ ಆಡಲು ಬಾಡಿಗೆಗೊಂದು ಸರ್ವರ್ ಹಿಡಿದಿದ್ದರು. ಹಾಸನದಲ್ಲಿ ಮನೆಯಿಂದ ಆಡುವವನಿಗೆ ತೊಂದರೆಯಿಲ್ಲ. ಇವನ ಪರದೆ ಮಾತ್ರ ಬಹಳ ಹೊತ್ತು ತಡಕಾಡಿ, ಕೊನೆಗೆ `Connection timed out` ಅನ್ನುತ್ತಿತ್ತು.

ಇಲ್ಲಿ ಆ ತಡವೇ ಸುಳಿವು. ಇಂಟರ್ನೆಟ್‌ನಲ್ಲಿ ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸ. ಆ ವಿಳಾಸದ ಮನೆಗೆ 65,535 ಬಾಗಿಲು. ಬಾಗಿಲಿನ ನಂಬರನ್ನೇ ಪೋರ್ಟ್ ಅನ್ನುವುದು. ವೆಬ್‌ಸೈಟುಗಳು ಸಾಮಾನ್ಯವಾಗಿ 443ರಲ್ಲಿ ಸಿಗುತ್ತವೆ, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಸರ್ವರ್ 25565ರಲ್ಲಿ. ಹಾಸ್ಟೆಲ್ ಫೈರ್‌ವಾಲ್ ಬೇಕಾದ ಕೆಲವೇ ನಂಬರುಗಳನ್ನು ಹೊರಗೆ ಬಿಟ್ಟು, ಉಳಿದವನ್ನು ಸದ್ದಿಲ್ಲದೆ ಎಸೆಯುತ್ತದೆ. 'ಆಗಲ್ಲ' ಅನ್ನುವ ಸೌಜನ್ಯವೂ ಇಲ್ಲ. ಅದಕ್ಕೇ ಗೇಮ್ ಉತ್ತರಕ್ಕೆ ಕಾದು ಕಾದು ಸೋಲುತ್ತದೆ. ಅದೇ ತಟ್ಟನೆ `Connection refused` ಬಂದಿದ್ದರೆ, ಬಹುಮಟ್ಟಿಗೆ ಮನೆಯವರೆಗೆ ಹೋಗಿದ್ದೇವೆ, ಆ ಬಾಗಿಲ ಹಿಂದೆ ಯಾರೂ ಇಲ್ಲ ಎಂದರ್ಥ. ಆಗ ಸರ್ವರ್ ನಡೆಸುವವನನ್ನೇ ಕೇಳಬೇಕು.

ಅನುಮಾನ ಬಗೆಹರಿಸಲು ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಒಂದು ಸಾಲು ಹೊಡೆಯಲು ಹೇಳಿದೆ. ವಿಳಾಸದ ಜಾಗದಲ್ಲಿ ಅವನ ಸರ್ವರಿನದ್ದು:

```
Test-NetConnection 203.0.113.25 -Port 25565
```

ವೈಫೈಯಲ್ಲಿ `TcpTestSucceeded : False` ಬಂತು. ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಿಸಿ ಮತ್ತೆ ಹೊಡೆದ, `True`. ಲ್ಯಾಪ್‌ಟಾಪ್ ಅದೇ, ಸರ್ವರ್ ಅದೇ. ಬದಲಾದದ್ದು ನಡುವಿನ ದಾರಿ ಮಾತ್ರ. ಆದರೆ ಈ ಪರೀಕ್ಷೆ ಟಿಸಿಪಿ ಎಂಬ ಬಗೆಯ ಸಂಪರ್ಕಕ್ಕಷ್ಟೇ. ವೇಗದ ಶೂಟಿಂಗ್ ಗೇಮುಗಳು ಹೆಚ್ಚಾಗಿ ಬಳಸುವ ಯುಡಿಪಿ ಬಗ್ಗೆ ಇದು ಏನೂ ಹೇಳುವುದಿಲ್ಲ.

ಸರ್ವರನ್ನೇ 443ಕ್ಕೆ ಬದಲಿಸಿದರೆ? ನಂಬರ್ ಮಾತ್ರ ನೋಡುವ ಫೈರ್‌ವಾಲ್ ಆದರೆ ದಾಟಬಹುದು. ಒಳಗೇನಿದೆ ಎಂದು ಇಣುಕುವಂಥದ್ದು ಅಲ್ಲೂ ಹಿಡಿಯುತ್ತದೆ. ರೂಮ್‌ಮೇಟ್ ವಿಪಿಎನ್ ಹಾಕು ಅಂದನಂತೆ. ಬೇಡ ಅಂದೆ. ವೈಫೈಗೆ ಲಾಗಿನ್ ಆಗಿರುವುದು ನಿನ್ನದೇ ಯುಎಸ್‌ಎನ್‌ನಲ್ಲಿ ತಾನೆ? ಆಫೀಸಿನಲ್ಲಾದರೆ ಎಚ್‌ಆರ್ ತನಕ ಹೋಗುವ ಮಾತು. ಅದರ ಬದಲು ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಸರ್ವರ್ ವಿಳಾಸ, ಪೋರ್ಟ್, ಟಿಸಿಪಿ, ಆಡುವ ಹೊತ್ತು ಇಷ್ಟನ್ನು ಬರೆದುಕೊಟ್ಟ. 'ಗೇಮ್ ಬರ್ತಿಲ್ಲ ಸರ್' ಅಂದರೆ ಅವರೂ ಏನು ಮಾಡಿಯಾರು? ನಾಲ್ಕು ದಿನಕ್ಕೆ ಆ ಒಂದು ವಿಳಾಸಕ್ಕೆ, ರಾತ್ರಿ ಹೊತ್ತು ಮಾತ್ರ, ದಾರಿ ಬಿಟ್ಟರು.

ವಾರವೂ ಆಗಿರಲಿಲ್ಲ, ಹೊಸ ರಗಳೆ: `Your IP address is banned from this server`. "ನಾನೇನೂ ಮಾಡಿಲ್ಲ ಮಾಮಾ!" ನಿಜವೇ. ಹಾಸ್ಟೆಲ್ ಒಳಗೆ ಪ್ರತಿ ಲ್ಯಾಪ್‌ಟಾಪಿಗೂ 10ರಿಂದ ಶುರುವಾಗುವ ಬೇರೆ ಬೇರೆ ವಿಳಾಸವಿದೆ, ಅದು ಹೊರಗೆ ನಡೆಯದ ನಾಣ್ಯ. ಆಚೆ ಹೋಗುವಾಗ ಎಲ್ಲರಿಗೂ ಒಂದೇ ಸಾರ್ವಜನಿಕ ವಿಳಾಸದ ಅಂಗಿ ತೊಡಿಸಿ ಕಳಿಸುತ್ತಾರೆ. ಕೆಳಗಿನ ಮಹಡಿಯ ಜೂನಿಯರ್ ಒಬ್ಬ ಗೇಮಿನಲ್ಲಿ ಯಾರದೋ ಮನೆ ಸ್ಫೋಟಿಸಿದ್ದ. ಹಾಸನದ ಗೆಳೆಯ ಸಿಟ್ಟಿನಲ್ಲಿ `ban-ip` ಹೊಡೆದಿದ್ದ. ಇಡೀ ಹಾಸ್ಟೆಲ್ಲೇ ಹೊರಗೆ. ಅವನು `pardon-ip` ಹೊಡೆದು, ಜೂನಿಯರ್‌ನ ಹೆಸರಿಗೆ ಮಾತ್ರ `ban` ಹಾಕಿದ ಮೇಲೆ ಸರಿಹೋಯಿತು.

ಬಾಡಿಗೆ ಉಳಿಸೋಣವೆಂದು ಇವನು ತನ್ನ ಲ್ಯಾಪ್‌ಟಾಪಿನಲ್ಲೇ ಸರ್ವರ್ ತೆರೆದ. ಹಾಸನದವನಿಗೆ ಸಿಗಲೇ ಇಲ್ಲ. ಒಳಗಿನಿಂದ ಯಾರಾದರೂ ಹೊರಗೆ ಹೋದರೆ, ಹಂಚಿದ ವಿಳಾಸದ ಕಾವಲಿನ ಯಂತ್ರ ಯಾರು ಹೋದರೆಂದು ಗುರುತು ಹಾಕಿಕೊಂಡು, ಬಂದ ಉತ್ತರವನ್ನು ಅವರಿಗೇ ಮುಟ್ಟಿಸುತ್ತದೆ. ಹೊರಗಿನಿಂದ ಹೊಸಬರು ಬಾಗಿಲು ತಟ್ಟಿದರೆ ಯಾವ ರೂಮಿಗೆ ಕಳಿಸಬೇಕೆಂಬ ಗುರುತೇ ಇಲ್ಲ, ಕೈಬಿಡುತ್ತದೆ. ಮನೆಯಲ್ಲಾದರೆ ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಹಾಕಿ ದಾರಿ ತೋರಿಸಬಹುದು (ಕಂಪನಿಯವರೂ ವಿಳಾಸ ಹಂಚಿರದಿದ್ದರೆ). ಹಾಸ್ಟೆಲ್ ರೂಟರ್ ನಮ್ಮ ಕೈಯಲ್ಲಿಲ್ಲ.

ಪಕ್ಕದ ರೂಮಿನವನಿಗೂ ಆ ಸರ್ವರ್ ಕಾಣಲಿಲ್ಲ ಅನ್ನುವುದು ಇವನಿಗೆ ದೊಡ್ಡ ಸೋಜಿಗ. ಒಂದೇ ವೈಫೈಯಲ್ಲಿದ್ದರೂ ಒಬ್ಬರ ಲ್ಯಾಪ್‌ಟಾಪ್ ಇನ್ನೊಬ್ಬರದನ್ನು ಮಾತಾಡಿಸದಂತೆ ತಡೆಗೋಡೆ ಹಾಕುವುದು ವಾಡಿಕೆ. ಒಬ್ಬನ ವೈರಸ್ ಎಲ್ಲರಿಗೂ ಹರಡಬಾರದಲ್ಲ. ಈಗ ಎರಡು ಲ್ಯಾಪ್‌ಟಾಪುಗಳ ನಡುವೆ ಒಂದು ಹಳೇ ಲ್ಯಾನ್ ಕೇಬಲ್ ಎಳೆದಿದ್ದಾರೆ. ವಿಂಡೋಸ್ ತಾನೇ ಕೊಟ್ಟುಕೊಳ್ಳುವ 169.254ರ ವಿಳಾಸದಲ್ಲಿ ಆಟ ನಡೆದಿದೆ. ಕೇಬಲ್ ಬಾಗಿಲ ಸಂದಿಯಿಂದ ಹೋಗುತ್ತದಂತೆ, ವಾರ್ಡನ್ ರೌಂಡ್ಸ್ ಬಂದಾಗ ಸುತ್ತಿಡುತ್ತಾರೆ.