ಡಿವಿಡೆಂಡ್‌ಗೆ ಒಂದು ದಿನ ಮುಂಚೆ

ಷೇರು ಇಟ್ಟುಕೊಂಡವರ ಖಾತೆಗೆ ಡಿವಿಡೆಂಡ್ ಬರುತ್ತದೆ. ಅದೇ ಷೇರಿನ ಕಾಲ್ ಆಪ್ಷನ್ ಕೊಂಡವರಿಗೆ ಬಿಡಿಗಾಸೂ ಬರುವುದಿಲ್ಲ. ಕಾಲ್ ಎಂದರೆ ಗೊತ್ತಾದ ಬೆಲೆಗೆ, ಅಂದರೆ ಸ್ಟ್ರೈಕ್ ಬೆಲೆಗೆ, ಷೇರು ಕೊಳ್ಳುವ ಹಕ್ಕು ಮಾತ್ರ. ಆ ಹಕ್ಕು ಚಲಾಯಿಸುವ ತನಕ ಷೇರು ನಮ್ಮದಲ್ಲ.

ಕಂಪನಿ ಡಿವಿಡೆಂಡ್ ಹಂಚಿದಾಗ ಅದರ ಬೊಕ್ಕಸದಿಂದ ಅಷ್ಟು ಹಣ ಹೊರಹೋಗುತ್ತದೆ. ಹಾಗಾಗಿ ಎಕ್ಸ್-ಡಿವಿಡೆಂಡ್ ದಿನ ಬೆಳಿಗ್ಗೆ ಷೇರಿನ ಬೆಲೆ ಹೆಚ್ಚುಕಡಿಮೆ ಅಷ್ಟೇ ಇಳಿದು ಶುರುವಾಗುತ್ತದೆ. ಆ ದಿನ ಕೊಂಡವರಿಗೆ ಈ ಸಲದ ಡಿವಿಡೆಂಡ್ ಇಲ್ಲ, ಹಿಂದಿನ ದಿನ ಕೊಂಡವರಿಗೆ ಉಂಟು. ಈ ಇಳಿತ ಬರಲಿದೆ ಎಂದು ಪೇಟೆಗೆ ಮೊದಲೇ ಗೊತ್ತಿರುವುದರಿಂದ ಆಪ್ಷನ್ ಬೆಲೆಯಲ್ಲಿ ಅದು ವಾರಗಳ ಮುಂಚೆಯೇ ಸೇರಿರುತ್ತದೆ: ಕಾಲ್ ಅಷ್ಟು ಅಗ್ಗ, ಪುಟ್ ಅಷ್ಟು ತುಟ್ಟಿ. ಲೆಕ್ಕಕ್ಕೆ ಬರುವುದು ಘೋಷಣೆಯಾದ ಮೊತ್ತವಷ್ಟೇ ಅಲ್ಲ, ಆಪ್ಷನ್ ಅವಧಿಯೊಳಗೆ ಬರಬಹುದೆಂದು ನಿರೀಕ್ಷಿಸಿದ ಮೊತ್ತವೂ ಹೌದು. ಕಂಪನಿ ನಿರೀಕ್ಷೆಗಿಂತ ಕಡಿಮೆ ಕೊಡುತ್ತೇನೆಂದರೆ, ಷೇರಿನ ಬೆಲೆ ಅಲ್ಲಾಡದಿದ್ದರೂ ಕಾಲ್ ಏರುತ್ತದೆ, ಪುಟ್ ಇಳಿಯುತ್ತದೆ.

ಅಮೆರಿಕದಲ್ಲಿ ಬಿಡಿ ಷೇರುಗಳ ಮೇಲಿನ ಆಪ್ಷನ್‌ಗಳನ್ನು ಅವಧಿ ಮುಗಿಯುವ ಮುನ್ನ ಯಾವ ವಹಿವಾಟಿನ ದಿನ ಬೇಕಾದರೂ ಚಲಾಯಿಸಬಹುದು. ಆದರೂ ಡಿವಿಡೆಂಡ್ ಇಲ್ಲದ ಷೇರಿನ ಕಾಲ್ ಅನ್ನು ಹಾಗೆ ಚಲಾಯಿಸುವುದು ನಷ್ಟದ ಬಾಬತ್ತು. ಹಕ್ಕು ಬೇಡವಾದರೆ ಕಾಲ್ ಅನ್ನೇ ಮಾರಿದರೆ ಹೆಚ್ಚು ಸಿಗುತ್ತದೆ. ಈ ಮಾತು ಕೆಡುವುದು ಎಕ್ಸ್-ಡಿವಿಡೆಂಡ್ ದಿನದ ಹಿಂದಿನ ಸಂಜೆ.

ಒಂದು ಲೆಕ್ಕ ಹಾಕಿ ನೋಡೋಣ. ಷೇರು 100 ಡಾಲರ್‌ನಲ್ಲಿದೆ, ನಾಳೆ ಎಕ್ಸ್-ಡಿವಿಡೆಂಡ್, ಡಿವಿಡೆಂಡ್ ಒಂದೂವರೆ ಡಾಲರ್. ನಿಮ್ಮ ಬಳಿ 80ರ ಸ್ಟ್ರೈಕ್‌ನ ಕಾಲ್ ಇದೆ, ಅವಧಿ ಇನ್ನೂ ಮೂರು ವಾರ. ಇಂದೇ ಚಲಾಯಿಸಿದರೆ 80 ಕೊಟ್ಟು ಷೇರು ಪಡೆಯುತ್ತೀರಿ. ನಾಳೆ ಷೇರು 98.50ಕ್ಕೆ ಇಳಿದರೂ ಒಂದೂವರೆ ಡಾಲರ್ ನಿಮಗೆ ಬರುವುದರಿಂದ 20 ಡಾಲರ್ ಲಾಭ ಹಾಗೇ ಉಳಿಯುತ್ತದೆ. ಸುಮ್ಮನಿದ್ದರೆ ನಾಳೆ ಆ ಕಾಲ್‌ನ ಬೆಲೆ ಸುಮಾರು 18.73.

ಆ 23 ಸೆಂಟ್ ಎಲ್ಲಿಂದ ಬಂತು? ಸುಮ್ಮನಿರುವುದರಿಂದ ಎರಡು ಅನುಕೂಲಗಳಿವೆ. 80 ಡಾಲರ್ ಮೂರು ವಾರ ನಿಮ್ಮಲ್ಲೇ ಉಳಿಯುತ್ತದೆ, ವರ್ಷಕ್ಕೆ ಶೇ. 4ರ ಬಡ್ಡಿಯಲ್ಲಿ ಅದು 18 ಸೆಂಟ್. ಷೇರು 80ಕ್ಕಿಂತ ಕೆಳಗೆ ಕುಸಿದರೆ ಆ ನಷ್ಟ ನಿಮಗೆ ತಟ್ಟುವುದಿಲ್ಲ. ಆ ರಕ್ಷಣೆಯ ಬೆಲೆಯೇ ಅದೇ ಸ್ಟ್ರೈಕ್‌ನ ಪುಟ್‌ನ ಬೆಲೆ, ಇಲ್ಲಿ 5 ಸೆಂಟ್ ಎನ್ನೋಣ. ಡಿವಿಡೆಂಡ್ ಈ ಎರಡರ ಮೊತ್ತಕ್ಕಿಂತ ದೊಡ್ಡದಿದ್ದರೆ ಚಲಾಯಿಸಬೇಕು. ಇಲ್ಲಿ ಸುಮ್ಮನಿದ್ದರೆ ಷೇರಿಗೆ 1.27 ಡಾಲರ್ ಹೋಯಿತು, ನೂರು ಷೇರಿನ ಒಂದು ಕಾಂಟ್ರಾಕ್ಟ್‌ಗೆ 127. ಷೇರು ಕೊಳ್ಳಲು ಹಣವಿಲ್ಲದವರು ಆ ಸಂಜೆಯೊಳಗೆ ಕಾಲ್ ಮಾರಿಬಿಡಬೇಕು.

97ರ ಸ್ಟ್ರೈಕ್‌ನಲ್ಲಾದರೆ ಉತ್ತರವೇ ಬೇರೆ. ಅಲ್ಲಿ ಪುಟ್‌ಗೆ 1.70, ಬಡ್ಡಿಗೆ 22 ಸೆಂಟ್; ಒಟ್ಟು ಡಿವಿಡೆಂಡ್‌ಗಿಂತ ಹೆಚ್ಚು. ಚಲಾಯಿಸಿದರೆ 3 ಡಾಲರ್, ಇಟ್ಟುಕೊಂಡರೆ 3.42ರ ಕಾಲ್. ಆದ್ದರಿಂದ ಚಲಾಯಿಸಬೇಕಾದದ್ದು ಷೇರು ಬೆಲೆಗಿಂತ ಸ್ಟ್ರೈಕ್ ಬಹಳ ಕೆಳಗಿರುವ, ಅವಧಿ ಮುಗಿಯುತ್ತ ಬಂದ ಕಾಲ್‌ಗಳನ್ನು.

ಇದನ್ನು ಮರೆಯುವವರು ಬಹಳ. ರಾಬರ್ಟ್ ವೇಲಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಲಾಯಿಸಲೇಬೇಕಿದ್ದ ಕಾಲ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಹಾಗೇ ಉಳಿದಿದ್ದವು. ಆ ಹಣ ಕಾಲ್ ಮಾರಿದವರ ಪಾಲಾಗುತ್ತದೆ.

ಕಾಲ್ ಮಾರಿದವರೆಲ್ಲರಿಗೂ ಆ ಅದೃಷ್ಟವಿಲ್ಲ. ಯಾರು ಷೇರು ಒಪ್ಪಿಸಬೇಕೆಂದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ, ಸುದ್ದಿ ಮುಟ್ಟುವುದು ಸಾಮಾನ್ಯವಾಗಿ ಮರುದಿನ ಬೆಳಿಗ್ಗೆ. ಷೇರು ಇಟ್ಟುಕೊಂಡು ಕಾಲ್ ಮಾರಿದವರು ಷೇರನ್ನೂ ಡಿವಿಡೆಂಡನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಷೇರೇ ಇಲ್ಲದೆ ಮಾರಿದವರ ಪಾಡು ಇನ್ನೂ ಕಷ್ಟ: ಖಾತೆಯಲ್ಲಿ ಇಲ್ಲದ ಷೇರು ಮಾರಿದಂತಾಗಿ, ಡಿವಿಡೆಂಡ್ ಮೊತ್ತವನ್ನು ಸ್ವಂತ ಜೇಬಿನಿಂದ ತೆರಬೇಕು. ಒಂದು ಕಾಲ್ ಕೊಂಡು ಇನ್ನೊಂದು ಮಾರಿ, ನಷ್ಟಕ್ಕೆ ಮಿತಿ ಇದೆ ಎಂದು ನೆಮ್ಮದಿಯಾಗಿದ್ದವರು ಏಟು ತಿನ್ನುವುದು ಇಲ್ಲೇ. ಮುನ್ಸೂಚನೆ ಕಷ್ಟವಲ್ಲ. ತಾವು ಮಾರಿದ ಸ್ಟ್ರೈಕ್‌ನ ಪುಟ್ ಬೆಲೆ ಬರಲಿರುವ ಡಿವಿಡೆಂಡ್‌ಗಿಂತ ಬಹಳ ಕಡಿಮೆಯಿದ್ದರೆ, ಹಿಂದಿನ ದಿನವೇ ಆ ಕಾಲ್ ಅನ್ನು ವಾಪಸ್ ಕೊಂಡು ಮುಗಿಸಬೇಕು.

ಇನ್ಫೋಸಿಸ್ ಷೇರಿಗೆ ಎರಡೂ ಬಗೆಯ ಆಪ್ಷನ್‌ಗಳಿವೆ. ನ್ಯೂಯಾರ್ಕ್‌ನಲ್ಲಿ ವಹಿವಾಟಾಗುವ ಅದರ ಎಡಿಆರ್ ಮೇಲಿನ ಕಾಲ್‌ಗೆ ಮೇಲಿನ ಲೆಕ್ಕವೆಲ್ಲ ಅನ್ವಯ. ಎನ್‌ಎಸ್‌ಇಯಲ್ಲಿ 2011ರಿಂದ ಷೇರು ಆಪ್ಷನ್‌ಗಳನ್ನು ಕೊನೆಯ ದಿನ ಮಾತ್ರ ಚಲಾಯಿಸಬಹುದು. ಡಿವಿಡೆಂಡ್ ಷೇರು ಬೆಲೆಯ ಶೇ. 2 ಅಥವಾ ಅದಕ್ಕೂ ಹೆಚ್ಚಿದ್ದರೆ ವಿನಿಮಯ ಕೇಂದ್ರವೇ ಸ್ಟ್ರೈಕ್ ಬೆಲೆಯನ್ನು ಅಷ್ಟು ಇಳಿಸುತ್ತದೆ. ಅದಕ್ಕಿಂತ ಕಡಿಮೆಯಾದರೆ ಇಳಿಸುವುದಿಲ್ಲ, ಮುಂಚಿತವಾಗಿ ಚಲಾಯಿಸುವ ದಾರಿಯೂ ಇಲ್ಲ. ಹಾಗಾಗಿ ಎಕ್ಸ್-ಡಿವಿಡೆಂಡ್ ಹತ್ತಿರವಿದ್ದಾಗ, ಸ್ಟ್ರೈಕ್ ತೀರಾ ಕೆಳಗಿರುವ ಕಾಲ್ ಇಲ್ಲಿ ಷೇರು ಬೆಲೆ ಮತ್ತು ಸ್ಟ್ರೈಕ್ ಬೆಲೆಯ ವ್ಯತ್ಯಾಸಕ್ಕಿಂತಲೂ ಕಡಿಮೆಗೆ ಸಿಗಬಹುದು. ಅಗ್ಗವೆಂದು ಕೊಂಡವರಿಗೆ ಆ ಕೊರತೆ ಮರುದಿನ ಷೇರು ಇಳಿದಾಗ ಅರ್ಥವಾಗುತ್ತದೆ.