ಅಪಾಯದ ಚೌಕ: ಕೊನೆಯ ಸಾಲಿಗೂ ಕಾಣುವ ಹಾಗೆ

120 ಮನೆಗಳ ಅಪಾರ್ಟ್‌ಮೆಂಟ್ ಸಂಘವೊಂದರ ವಾರ್ಷಿಕ ಸಭೆ ಎಂದಿಟ್ಟುಕೊಳ್ಳಿ. ಪರದೆಯ ಮೇಲೆ 25 ಚೌಕಗಳ ರಿಸ್ಕ್ ಮ್ಯಾಟ್ರಿಕ್ಸ್. ಒಳಗೆ 1ರಿಂದ 22ರವರೆಗಿನ ಅಂಕಿಗಳು. 14 ಅಂದರೆ ಏನು ಎಂಬುದು ಮುಂದಿನ ಸ್ಲೈಡಿನಲ್ಲಿದೆ. ‘ಅದೆಲ್ಲ ಇರಲಿ, ದುಡ್ಡು ಯಾವುದಕ್ಕೆ ಹಾಕಬೇಕು ಹೇಳಿ ಸಾರ್’ ಎಂದು ಹಿಂದಿನಿಂದ ಯಾರಾದರೂ ಕೇಳಿದರೆ ಚಿತ್ರದಲ್ಲಿ ಉತ್ತರವಿಲ್ಲ.

ಮೊದಲು ಚೌಕಗಳನ್ನು ಒಂಬತ್ತಕ್ಕೆ ಇಳಿಸಿ. ಅಡ್ಡಕ್ಕೆ ‘ಎಷ್ಟು ಸಲ ಆಗಬಹುದು’, ಉದ್ದಕ್ಕೆ ‘ಆದರೆ ಎಷ್ಟು ಪೆಟ್ಟು’. ‘ಅಪರೂಪ’ ಎಂದಷ್ಟೇ ಬರೆದರೆ ಒಬ್ಬರಿಗೆ ಅದು ಎರಡು ವರ್ಷ, ಇನ್ನೊಬ್ಬರಿಗೆ ಇಪ್ಪತ್ತು. ಆದ್ದರಿಂದ ‘10 ವರ್ಷಕ್ಕೊಮ್ಮೆ’, ‘2–3 ವರ್ಷಕ್ಕೊಮ್ಮೆ’, ‘ಪ್ರತಿ ವರ್ಷ’ ಎಂದೇ ಬರೆಯಿರಿ. ಪೆಟ್ಟಿಗೂ ಹಾಗೆಯೇ: ‘ಒಂದು ದಿನದ ತೊಂದರೆ’, ‘ಲಕ್ಷಗಳ ಖರ್ಚು’, ‘ಪ್ರಾಣಾಪಾಯ’. ಅಂಕಿಯ ಬದಲು ಅಪಾಯದ ಹೆಸರನ್ನೇ ಚೌಕದೊಳಗೆ ಬರೆಯಿರಿ. ಐದಾರು ಸಾಕು, ಉಳಿದ ಪಟ್ಟಿಯನ್ನು ಕಾಗದದಲ್ಲಿ ಹಂಚಬಹುದು.

ಹೆಚ್ಚಿನವರು ಎಡವುವುದು ಬಣ್ಣದಲ್ಲಿ. ಐದು ಮೆಟ್ಟಿಲಿನ ಹಳೆಯ ಪದ್ಧತಿಯಲ್ಲಿ ಎರಡೂ ಅಂಕಗಳನ್ನು ಗುಣಿಸುತ್ತಾರೆ. ಪದೇಪದೇ ನಿಲ್ಲುವ ಲಿಫ್ಟ್‌ಗೆ 5×1, ಅಂದರೆ 5. ಅಪರೂಪದ, ಆದರೆ ಜೀವ ತೆಗೆಯುವ ಬೆಂಕಿಗೆ 1×5, ಅದೂ 5. ಎರಡಕ್ಕೂ ಒಂದೇ ಹಸಿರು! ಈ ಅಂಕಗಳು ಮೆಟ್ಟಿಲುಗಳೇ ಹೊರತು ಅಳತೆಗಳಲ್ಲ. ಗುಣಿಸಿದರೆ ಅರ್ಥ ಹುಟ್ಟುವುದಿಲ್ಲ. ಅಮೆರಿಕದ ಸಂಶೋಧಕ ಆಂಥೊನಿ ಕಾಕ್ಸ್ 2008ರಲ್ಲೇ, ಇಂಥ ಚೌಕಗಳು ಕೆಲವೊಮ್ಮೆ ಚಿಕ್ಕ ಅಪಾಯವನ್ನು ದೊಡ್ಡದಕ್ಕಿಂತ ಮೇಲೆ ಕೂರಿಸುತ್ತವೆ ಎಂದು ತೋರಿಸಿದರು. ಹಾಗಾಗಿ ಪ್ರತಿ ಚೌಕಕ್ಕೂ ಏನು ಮಾಡಬೇಕೆಂದು ಸಮಿತಿ ಮೊದಲೇ ಕೂತು ನಿರ್ಧರಿಸಲಿ: ‘ಈ ತಿಂಗಳೇ’, ‘ಈ ವರ್ಷ’, ‘ಗಮನದಲ್ಲಿರಲಿ’. ಪ್ರಾಣಾಪಾಯದ ಸಾಲಿನಲ್ಲಿ ಹಸಿರು ಬೇಡ. ಆ ಮಾತುಗಳನ್ನು ಚೌಕದ ಮೇಲೂ ಬರೆಯಿರಿ. ಕೆಂಪು–ಹಸಿರು ಬೇರೆಯಾಗಿ ಕಾಣದವರೂ ಸಭೆಯಲ್ಲಿರುತ್ತಾರೆ. ಒಂದೇ ಬಣ್ಣವನ್ನು ತಿಳಿಯಿಂದ ಗಾಢಕ್ಕೆ ಒಯ್ದರೆ ಕಪ್ಪು-ಬಿಳುಪು ಪ್ರತಿಯಲ್ಲೂ ಓದಬಹುದು.

ಈಗ ಒಂದು ಬಾಣ. ಪ್ರತಿ ಮಳೆಗಾಲಕ್ಕೆ ಬೇಸ್‌ಮೆಂಟ್‌ಗೆ ನೀರು ನುಗ್ಗುತ್ತದೆ, ವಿದ್ಯುತ್ ಪ್ಯಾನಲ್ ಅಲ್ಲೇ ಕೆಳಗಿದೆ. ಅದರ ಜಾಗ ‘ಪ್ರತಿ ವರ್ಷ–ಪ್ರಾಣಾಪಾಯ’. ಪ್ಯಾನಲನ್ನು ಮೇಲಿನ ಮಹಡಿಗೆ ಸಾಗಿಸಿದರೆ ನೀರು ನುಗ್ಗುವುದೇನೂ ನಿಲ್ಲದು, ಪೆಟ್ಟು ಮಾತ್ರ ಇಳಿಯುತ್ತದೆ. ಆದ್ದರಿಂದ ಬಾಣ ನೇರ ಕೆಳಕ್ಕೆ. ಪಂಪು ಹಾಕಿ ನೀರನ್ನೇ ತಡೆದರೆ ಬಾಣ ‘ಅಪರೂಪ’ದ ಕಡೆಗೆ. ದುಡ್ಡಿಗೆ ಏನು ಸಿಗುತ್ತದೆಂದು ಆ ಗೆರೆಯೇ ಹೇಳುತ್ತದೆ.

ಶೀರ್ಷಿಕೆ ‘ರಿಸ್ಕ್ ಮ್ಯಾಟ್ರಿಕ್ಸ್’ ಎಂದಿರಬಾರದು. ‘ಮಳೆಗಾಲಕ್ಕೆ ಮುಂಚೆ ಪ್ಯಾನಲ್ ಮೇಲಕ್ಕೆ ಸಾಗಿಸಬೇಕು’ ಎಂದಿರಲಿ.

ಸಭೆಯ ಹಿಂದಿನ ದಿನ ಸಮಿತಿಯಲ್ಲಿಲ್ಲದ ಒಬ್ಬರಿಗೆ ಸ್ಲೈಡನ್ನು ಹತ್ತು ಸೆಕೆಂಡ್ ತೋರಿಸಿ, ಮುಚ್ಚಿ, ‘ಮೊದಲು ಏನು ಮಾಡಬೇಕಂತೆ?’ ಎಂದು ಕೇಳಿ. ಅವರು ತಡವರಿಸಿದರೆ ತಪ್ಪು ಅವರದಲ್ಲ. ಇನ್ನೂ ಎರಡು ಹೆಸರು ಅಳಿಸಿ.