ಹನ್ನೆರಡಕ್ಕೆ ಬರ್ತೀನಿ, ಸಭೆ ಶುರು ಮಾಡಿ

ಮೊಳಕಾಲ್ಮುರಿನಲ್ಲಿ ಬೆಳಿಗ್ಗೆ 11ಕ್ಕೆ ರೈತ ಉತ್ಪಾದಕ ಕಂಪನಿಯೊಂದರ ಆಡಳಿತ ಮಂಡಳಿ ಸಭೆ ಇದೆ ಎಂದುಕೊಳ್ಳಿ. ಐವರು ನಿರ್ದೇಶಕರಲ್ಲಿ ಒಬ್ಬರು 10.20 ಆದರೂ ಚಳ್ಳಕೆರೆ ಬಸ್ ನಿಲ್ದಾಣದಲ್ಲೇ ಇದ್ದಾರೆ. ಇಂಥ ಹೊತ್ತಿನಲ್ಲಿ ನಮ್ಮ ಬೆರಳು ತಾನಾಗಿ ಒತ್ತುವುದು ‘ದಾರೀಲಿದೀನಿ, ಐದೇ ನಿಮಿಷ’ ಎಂದು. ಅದನ್ನು ನಂಬಿ ಉಳಿದವರು ಒಂದು ತಾಸು ಕಾಯುತ್ತಾರೆ. ಹಳ್ಳಿಯಿಂದ ಬಂದವರಿಗೆ ಆ ದಿನದ ಕೂಲಿಯೇ ಹೋಗುತ್ತದೆ.

ಬರುವ ಹೊತ್ತನ್ನು ಆಸೆಯಿಂದ ಹೇಳಬಾರದು, ಲೆಕ್ಕ ಹಾಕಿ ಹೇಳಬೇಕು. ಎರಡೂ ಊರುಗಳ ನಡುವೆ ಸುಮಾರು 50 ಕಿ.ಮೀ. ಇದೆ. ಬಸ್ 10.30ಕ್ಕೆ ಬಿಟ್ಟು, ತಳಕು, ಬಿ.ಜಿ.ಕೆರೆಯಲ್ಲಿ ಜನ ಹತ್ತಿ ಇಳಿದು ಮುಂದೆ ಹೋಗಲು ಒಂದೂಕಾಲು ತಾಸು ಹಿಡಿಯಿರಿ. ಇಳಿದು ಕಚೇರಿಗೆ ನಡೆಯಲು ಹತ್ತು ನಿಮಿಷ. ಅಲ್ಲಿಗೆ 11.55 ಆಯಿತು. ‘12 ಗಂಟೆ’ ಎಂದೇ ಬರೆಯಿರಿ. ಮೊದಲು 11.30 ಎಂದು, ಆಮೇಲೆ 11.45 ಎಂದು, ಕೊನೆಗೆ 12 ಎಂದು ಮೂರು ಸಲ ಬೇಡಿಕೊಳ್ಳುವುದು ಒಂದು ಸಲ ತಡವಾಗುವುದಕ್ಕಿಂತ ಹೆಚ್ಚು ಕಿರಿಕಿರಿ ತರುತ್ತದೆ.

ಇನ್ನು ‘ನೀವು ಶುರು ಮಾಡಿ’ ಎಂಬ ಮಾತು. ಇದನ್ನು ಬರೆಯುವ ಮೊದಲು ಕೋರಂ ನೋಡಬೇಕು. ಇಂಥ ಕಂಪನಿಗಳ ಮಂಡಳಿ ಸಭೆಗೆ ಒಟ್ಟು ನಿರ್ದೇಶಕರಲ್ಲಿ ಮೂರನೇ ಒಂದು ಭಾಗ, ಕನಿಷ್ಠ ಮೂವರು ಇರಬೇಕು ಎನ್ನುತ್ತದೆ 2013ರ ಕಂಪನಿ ಕಾಯ್ದೆ. ಐವರಲ್ಲಿ ಮೂವರು ಆಗಲೇ ಬಂದಿದ್ದರೆ ನಿಮ್ಮ ಮಾತಿಗೆ ಬೆಲೆಯಿದೆ. ಇಬ್ಬರೇ ಬಂದಿದ್ದು ಮೂರನೆಯವರು ನೀವೇ ಆಗಿದ್ದರೆ ಅವರು ಶುರು ಮಾಡುವಂತೆಯೇ ಇಲ್ಲ. ಆಗ ಸಭೆಯನ್ನು 12ಕ್ಕೆ ಇಟ್ಟುಕೊಳ್ಳಲು ಆಗುತ್ತದೆಯೇ ಎಂದು ಕೇಳುವುದೇ ಸರಿ. ಆದ್ದರಿಂದ ಗುಂಪಿಗೆ ಸಂದೇಶ ಹಾಕಿ ಸುಮ್ಮನಾಗದೆ ಅಧ್ಯಕ್ಷರಿಗೆ ಫೋನ್ ಮಾಡಿ ಯಾರ್‍ಯಾರು ಬಂದಿದ್ದಾರೆ ಎಂದು ಕೇಳಿ, ಆಮೇಲೆ ಬರೆಯಿರಿ:

‘ಅಧ್ಯಕ್ಷರೇ, ನಮಸ್ಕಾರ. ತಡವಾಗಿದ್ದಕ್ಕೆ ಕ್ಷಮಿಸಿ. ಬಸ್ ಇನ್ನೂ ಚಳ್ಳಕೆರೆ ಬಿಟ್ಟಿಲ್ಲ. ನಾನು ಸೇರುವುದು 12ಕ್ಕೆ. ಮೂವರು ಇದ್ದೀರಲ್ಲ, ನನಗಾಗಿ ಕಾಯದೆ ಶುರು ಮಾಡಿ. ಲೆಕ್ಕಪತ್ರದ ವಿಷಯ ಮೊದಲು ಮುಗಿಸಿ. ಬಿತ್ತನೆ ಶೇಂಗಾ ಖರೀದಿಯನ್ನು ಕೊನೆಗೆ ಇಟ್ಟರೆ ಅನುಕೂಲ, ದರಪಟ್ಟಿ ನನ್ನ ಹತ್ತಿರ ಇದೆ. ಆಗದಿದ್ದರೆ ಅದರ ಫೋಟೊ ಈಗಲೇ ಕಳಿಸುತ್ತೇನೆ, ನೀವೇ ತೀರ್ಮಾನಿಸಿ.’

ಇದರಲ್ಲಿ ಟೈರ್ ಪಂಕ್ಚರಿನ ಕಥೆಯಾಗಲಿ ನೆಂಟರ ಮನೆ ಸಮಾಚಾರವಾಗಲಿ ಇಲ್ಲ. ಕಾಯುತ್ತಿರುವವರಿಗೆ ಬೇಕಾದದ್ದು ಅಷ್ಟೇ ಇದೆ. ಕಾಗದ ಕಳಿಸುವುದು ಮುಖ್ಯ, ಏಕೆಂದರೆ ದರಪಟ್ಟಿ ನಿಮ್ಮ ಚೀಲದಲ್ಲಿ ಕೂತಿದ್ದರೆ ‘ಶುರು ಮಾಡಿ’ ಎಂದದ್ದು ಬಾಯುಪಚಾರವಾದೀತು. ನಿಮ್ಮ ಅಭಿಪ್ರಾಯವನ್ನೂ ಬರೆದು ಕಳಿಸಬಹುದು. ಸಭೆಯಲ್ಲಿ ಅದನ್ನು ಓದಿ ಹೇಳಿಯಾರು. ಆದರೆ ಅದು ಮತವಲ್ಲ, ಮಂಡಳಿ ಸಭೆಯಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಮತ ಹಾಕುವಂತಿಲ್ಲ.

ತಳಕು ದಾಟುವಾಗ ಗಡಿಯಾರ ನೋಡಿ. ಲೆಕ್ಕ ಹತ್ತು ನಿಮಿಷಕ್ಕಿಂತ ಹೆಚ್ಚು ತಪ್ಪಿದ್ದರೆ ಮಾತ್ರ ಇನ್ನೊಂದು ಸಾಲು ಕಳಿಸಿ. ತಲುಪಿದ ಮೇಲೆ ಮುಗಿದ ವಿಷಯವನ್ನು ಮತ್ತೆ ಕೆದಕದೆ ಕುಳಿತುಕೊಂಡು, ಯಾವ ವಿಷಯದಿಂದ ನೀವು ಹಾಜರಿದ್ದಿರಿ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.